ವಾಪಸ್ ಬಂದ ಕುರ್ತಿಯ ಸಾಕ್ಷ್ಯ: ತಪ್ಪು ಗಿರಾಕಿಯದ್ದೋ, ಅಳತೆಯದ್ದೋ?

ಆನ್‌ಲೈನಲ್ಲಿ ಬಟ್ಟೆ ಕೊಂಡು ವಾಪಸ್ ಕಳಿಸುವವರ ಮೇಲೆ ಕಂಪನಿಗಳಿಗೆ ಸಿಟ್ಟು ಬಂದು ಕೆಲವು ವರ್ಷ ಆಯ್ತು. ಬ್ರಿಟನ್ನಿನಲ್ಲಿ ಝಾರಾ 2022ರಲ್ಲೇ ಆನ್‌ಲೈನ್ ವಾಪಸಾತಿಗೆ ದುಡ್ಡು ಕೇಳೋಕೆ ಶುರು ಮಾಡಿತು. ಎಚ್ ಆಂಡ್ ಎಂ ಮರುವರ್ಷ ಅದೇ ದಾರಿ ಹಿಡಿಯಿತು. ಏಸಾಸ್ ಕಂಪನಿ 2019ರಲ್ಲಿ ಪದೇ ಪದೇ ವಾಪಸ್ ಮಾಡುವವರ ಖಾತೆ ತಪಾಸಣೆ ಮಾಡ್ತೀವಿ ಎಂದಿತ್ತು, 2024ರಲ್ಲಿ ಅಂಥವರಿಗೆ ಶುಲ್ಕ ಹಾಕಿತು. ನಮ್ಮಲ್ಲೂ ಈ ಭಾಷೆ ಬಂದಿದೆ. ಗಿರಾಕಿ ಎರಡು ಸೈಜ್ ತರಿಸ್ತಾನೆ, ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಕಳಿಸ್ತಾನೆ, ಅವನಿಂದಾಗಿ ಧಂದೆ ಹಾಳು ಅನ್ನುವ ಮಾತು ಮಾರಾಟಗಾರರ ಬಾಯಲ್ಲಿ ಸಾಮಾನ್ಯ.

ಅಂಥ ಗಿರಾಕಿಗಳು ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಗಿರಾಕಿಗೆ ದಂಡ ಹಾಕುವ ಮೊದಲು ನೋಡಬೇಕಾದ ಒಂದು ಕಡತ ಅದೇ ಕಂಪನಿಯ ಕೈಯಲ್ಲೇ ಇರುತ್ತದೆ. ವಾಪಸ್ ಮಾಡುವಾಗ ‘ಕಾರಣ ಆರಿಸಿ’ ಅಂತ ಒಂದು ಪಟ್ಟಿ ತೆರೆದುಕೊಳ್ಳುತ್ತದಲ್ಲ, ಅದು. ‘ಚಿಕ್ಕದಾಯ್ತು’, ‘ದೊಡ್ಡದಾಯ್ತು’, ‘ಗುಣಮಟ್ಟ ಚೆನ್ನಾಗಿಲ್ಲ’, ‘ಚಿತ್ರದಲ್ಲಿದ್ದಂತೆ ಇಲ್ಲ’, ‘ಮನಸ್ಸು ಬದಲಾಯ್ತು’. ನಾವು ನೀವು ಎರಡು ಸೆಕೆಂಡಿನಲ್ಲಿ ಒತ್ತಿ ಮುಂದೆ ಹೋಗುವ ಆ ಸಾಲು, ಸಾವಿರಾರು ಜನರದ್ದು ಒಟ್ಟಾದಾಗ, ಬಟ್ಟೆ ಎಲ್ಲಿ ಕೆಟ್ಟಿದೆ ಅನ್ನೋದನ್ನ ಹೆಚ್ಚೂಕಡಿಮೆ ಹೊಲಿಗೆಯ ಜಾಗದ ತನಕ ತೋರಿಸಬಲ್ಲದು. ಕಾನೂನಿನ ದೃಷ್ಟಿಯಲ್ಲೂ ಆ ಸಾಲಿಗೆ ತೂಕ ಇದೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ವಸ್ತು ದೋಷಪೂರಿತವಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದಕ್ಕೆ ಇಲ್ಲದಿದ್ದರೆ, ಮಾರಾಟಗಾರ ವಾಪಸ್ ತಗೊಳ್ಳೋದಿಲ್ಲ, ಹಣ ಕೊಡೋದಿಲ್ಲ ಅನ್ನುವ ಹಾಗಿಲ್ಲ. ಹಾಗಿದ್ದರೆ ಅಳತೆ ಪಟ್ಟಿಯಲ್ಲಿ ಎದೆ 42 ಇಂಚು ಅಂತ ಬರೆದು 40 ಇಂಚಿನ ಕುರ್ತಿ ಕಳಿಸಿದರೆ ಅದು ಗಿರಾಕಿಯ ‘ಸೈಜ್ ಸಮಸ್ಯೆ’ಯೋ, ಮಾರಿದವನ ದೋಷವೋ? ನನ್ನ ಪ್ರಕಾರ ಎರಡನೆಯದು. ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಮೊದಲನೆಯದಾಗಿಯೇ ಕೂರುತ್ತದೆ, ಮತ್ತು ಆ ಗಿರಾಕಿಯ ಹೆಸರಿನ ಮುಂದೆ ಇನ್ನೊಂದು ವಾಪಸಾತಿ ಜಮೆಯಾಗುತ್ತದೆ.

ಫ್ಲಿಪ್‌ಕಾರ್ಟ್, ಮಿಂತ್ರಾ, ಮೀಶೋ ಮೂರೂ ಬೆಂಗಳೂರಿನಲ್ಲೇ ಕೂತ ಕಂಪನಿಗಳು. ದೇಶದ ಆನ್‌ಲೈನ್ ಬಟ್ಟೆ ವ್ಯಾಪಾರದ ದೊಡ್ಡ ಪಾಲಿನ ಲೆಕ್ಕ ನಡೆಯೋದು ನಮ್ಮದೇ ರಾಜಧಾನಿಯಲ್ಲಿ. ಆದ್ದರಿಂದ ಈ ಲೆಕ್ಕ ಹೇಗೆ ಮಾಡಬೇಕು, ಎಲ್ಲಿ ಎಡವುತ್ತದೆ ಅನ್ನೋದು ನಮಗೆ ಪರಕೀಯ ವಿಷಯ ಏನಲ್ಲ.

ಮೊದಲು ಛೇದದ ಮಾತು. ‘ನೂರಕ್ಕೆ ಇಪ್ಪತ್ತು ವಾಪಸ್’ ಅಂದರೆ ಯಾವ ನೂರು? ಆರ್ಡರ್ ಆದದ್ದೋ, ಮನೆ ಮುಟ್ಟಿದ್ದೋ? ಕ್ಯಾಶ್ ಆನ್ ಡೆಲಿವರಿಯಲ್ಲಿ ಎಷ್ಟೋ ಪೊಟ್ಟಣ ಬಾಗಿಲ ತನಕ ಬಂದು ತೆರೆಯದೇ ಹಿಂದೆ ಹೋಗುತ್ತವೆ. ಮನೆಯಲ್ಲಿ ಯಾರೂ ಇರಲಿಲ್ಲ, ಫೋನ್ ಎತ್ತಲಿಲ್ಲ, ಅಪ್ಪ ದುಡ್ಡು ಕೊಡಲಿಲ್ಲ, ಇಂಥ ಕಾರಣಕ್ಕೆ. ಧಂದೆಯವರು ಇದನ್ನು ಆರ್‌ಟಿಒ ಅಂತಾರೆ. ಯಾರೂ ಹಾಕಿಯೇ ನೋಡದ ಬಟ್ಟೆ ಅಳತೆಯ ಬಗ್ಗೆ ಏನನ್ನೂ ಹೇಳೋದಿಲ್ಲ, ಹಾಗಾಗಿ ಅದನ್ನು ಮೊದಲೇ ಪಕ್ಕಕ್ಕಿಡಬೇಕು. ಉಳಿದದ್ದರಲ್ಲೂ ವಾಪಸಾತಿಯ ಅವಧಿ ಮುಗಿದ ಮಾರಾಟವನ್ನು ಮಾತ್ರ ಎಣಿಸಬೇಕು. ಹೋದ ವಾರ ಮಾರಾಟಕ್ಕೆ ಬಿಟ್ಟ ಹೊಸ ಡಿಸೈನಿನ ವಾಪಸಾತಿ ಯಾವಾಗಲೂ ಕಡಿಮೆಯೇ ಕಾಣುತ್ತದೆ, ಯಾಕೆಂದರೆ ಬರಬೇಕಾದ್ದು ಇನ್ನೂ ದಾರಿಯಲ್ಲಿದೆ. ಇದನ್ನು ಮರೆತು ‘ಹೊಸ ಮಾಲು ಚೆನ್ನಾಗಿದೆ’ ಅಂತ ಇನ್ನೊಂದು ಸಾವಿರ ಪೀಸ್ ಹೊಲಿಯೋಕೆ ಹೇಳಿದರೆ ಮುಗೀತು.

ಈಗ ಒಂದು ಅಂಗಡಿ ಕಲ್ಪಿಸಿಕೊಳ್ಳಿ. ಇದು ಲೆಕ್ಕ ವಿವರಿಸೋಕೆ ನಾನೇ ಕಟ್ಟಿದ ಉದಾಹರಣೆ, ಯಾವ ಕಂಪನಿಯದ್ದೂ ಅಲ್ಲ. ಹತ್ತಿಯ ನೇರ ಕಟ್ಟಿನ ಒಂದು ಕುರ್ತಿ, ತೋಳು ಮೊಣಕೈವರೆಗೆ, ಬಟ್ಟೆಯಲ್ಲಿ ಎಳೆತ ಇಲ್ಲ. ಮನೆ ಮುಟ್ಟಿ ವಾಪಸ್ ಅವಧಿ ಮುಗಿದವು 1,200. ಅದರಲ್ಲಿ 147 ‘ಚಿಕ್ಕದಾಯ್ತು’ ಅಂತ ಬಂದಿವೆ, 32 ‘ದೊಡ್ಡದಾಯ್ತು’ ಅಂತ. ಅಂದರೆ ನೂರಕ್ಕೆ 12 ಚಿಕ್ಕದು, ಹತ್ತಿರ ಹತ್ತಿರ 3 ದೊಡ್ಡದು. ಅದೇ ಅಂಗಡಿಯ ಉಳಿದ ಕುರ್ತಿಗಳಲ್ಲಿ ಸಾಮಾನ್ಯವಾಗಿ ಚಿಕ್ಕದು 7, ದೊಡ್ಡದು 4 ಬರುತ್ತದೆ ಅಂತಿಟ್ಟುಕೊಳ್ಳಿ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಾಮಾನ್ಯ ಕುರ್ತಿಯಲ್ಲೂ ಚಿಕ್ಕದು ಅನ್ನೋ ದೂರು ದೊಡ್ಡದು ಅನ್ನೋದಕ್ಕಿಂತ ಯಾಕೆ ಹೆಚ್ಚು? ನಮ್ಮ ದೇಶದ ಉತ್ತರ ಪ್ರತಿ ಪೇಟೆಯ ಮೂಲೆಯಲ್ಲಿ ಕೂತಿದೆ: ಟೈಲರ್. ಕುಮಟೆಯಲ್ಲಾಗಲಿ ಹೊನ್ನಾವರದಲ್ಲಾಗಲಿ, ಕುರ್ತಿ ದೊಡ್ಡದಾದರೆ ಯಾರು ವಾಪಸಿನ ರಗಳೆಗೆ ಹೋಗ್ತಾರೆ ಮಾರಾಯ್ರೆ? ಟೈಲರ್ ಹತ್ರ ಕೊಟ್ಟು ಎರಡೂ ಬದಿ ಒಂದು ಹೊಲಿಗೆ ಹಾಕಿಸಿದರೆ ಆಯ್ತು. ಚಿಕ್ಕದಾದರೆ ಆ ಉಪಾಯ ಇಲ್ಲ. ಈಗಿನ ಸಿದ್ಧ ಉಡುಪಿನಲ್ಲಿ ಬಿಚ್ಚಿ ಅಗಲ ಮಾಡೋಕೆ ಒಳಗೆ ಬಟ್ಟೆಯನ್ನೇ ಬಿಟ್ಟಿರೋದಿಲ್ಲ. ಹಾಗಾಗಿ ದೊಡ್ಡದು ಮನೆಯಲ್ಲೇ ರಿಪೇರಿಯಾಗುತ್ತದೆ, ಚಿಕ್ಕದು ಮಾತ್ರ ಗೋದಾಮಿಗೆ ಮರಳುತ್ತದೆ. ವಿದೇಶಿ ಪುಸ್ತಕ ಓದಿ ‘ಚಿಕ್ಕದೂ ದೊಡ್ಡದೂ ಸಮ ಇದ್ದರೆ ಅಳತೆ ಸರಿ’ ಅಂತ ಸೂತ್ರ ಮಾಡಿಕೊಂಡವನು ಇಲ್ಲಿ ಪ್ರತಿ ಕುರ್ತಿಯನ್ನೂ ಚಿಕ್ಕದು ಅಂತ ತೀರ್ಮಾನಿಸಿಬಿಡುತ್ತಾನೆ. ಹೋಲಿಕೆ ಮಾಡಬೇಕಾದ್ದು ಅದೇ ಅಂಗಡಿಯ, ಅದೇ ಬಗೆಯ ಬಟ್ಟೆಯ ರೂಢಿಯ ಪ್ರಮಾಣದ ಜೊತೆಗೆ.

ನಮ್ಮ ಕುರ್ತಿಗೆ ಬರೋಣ. 7 ಇರಬೇಕಾದಲ್ಲಿ 12 ಇದೆ. ಇಷ್ಟು ನೋಡಿ ಸಾಮಾನ್ಯವಾಗಿ ಏನು ಮಾಡ್ತಾರೆ ಗೊತ್ತಾ? ಉತ್ಪನ್ನದ ಪುಟದಲ್ಲಿ ‘ಈ ಕುರ್ತಿ ಸ್ವಲ್ಪ ಚಿಕ್ಕದಾಗಿ ಬರುತ್ತದೆ, ಒಂದು ಸೈಜ್ ದೊಡ್ಡದು ತಗೊಳ್ಳಿ’ ಅಂತ ಒಂದು ಸಾಲು ಹಾಕಿ ಕೈತೊಳೆದುಕೊಳ್ತಾರೆ. ಈ ಉದಾಹರಣೆಯಲ್ಲಿ ಅದು ಪೂರಾ ತಪ್ಪು ಮದ್ದು. ಯಾಕೆಂದರೆ ಅದೇ ಅಂಕಿಯನ್ನು ಸೈಜಿನ ಪ್ರಕಾರ ಬಿಡಿಸಿದರೆ ಚಿತ್ರವೇ ಬೇರೆ. ಎಸ್, ಎಂ, ಎಲ್ ಮೂರೂ ಸೇರಿ 770 ಹೋಗಿವೆ, ‘ಚಿಕ್ಕದು’ ಅಂತ ಬಂದವು 53. ನೂರಕ್ಕೆ 7, ರೂಢಿಯಷ್ಟೇ. ಎಕ್ಸೆಲ್‌ನಲ್ಲಿ 230ಕ್ಕೆ 38. ಡಬಲ್ ಎಕ್ಸೆಲ್‌ನಲ್ಲಿ 120ಕ್ಕೆ 31. ತ್ರಿಬಲ್ ಎಕ್ಸೆಲ್‌ನಲ್ಲಿ 80ಕ್ಕೆ 25. ಅಂದರೆ ನೂರಕ್ಕೆ 17, 26, 31 ಹೀಗೆ ಏಣಿ ಹತ್ತಿದ ಹಾಗೆ ಏರಿದೆ. ಸಣ್ಣ ಸೈಜಿನವರಿಗೆ ಕುರ್ತಿ ಸರಿಯಾಗಿಯೇ ಇದೆ. ಅವರಿಗೆ ‘ಒಂದು ಸೈಜ್ ದೊಡ್ಡದು ತಗೊಳ್ಳಿ’ ಅಂದರೆ ಚೆನ್ನಾಗಿ ಕೂರುತ್ತಿದ್ದ 770 ಜನರ ಪಾಲಿನ ಮಾರಾಟವನ್ನು ನಾವೇ ಕೆಡಿಸಿದ ಹಾಗೆ.

ಹೀಗೆ ಸೈಜ್ ಏರಿದಂತೆ ದೂರು ಏರಿದರೆ ಹೆಚ್ಚಾಗಿ ಅದು ಗ್ರೇಡಿಂಗ್ ತಪ್ಪು. ಬಟ್ಟೆ ಕಾರ್ಖಾನೆಯಲ್ಲಿ ಎಲ್ಲ ಸೈಜಿಗೂ ಬೇರೆ ಬೇರೆ ಪ್ಯಾಟರ್ನ್ ಹೊಸದಾಗಿ ಬರೆಯೋದಿಲ್ಲ. ಎಂ ಅಥವಾ ಎಲ್ ಒಂದನ್ನು ಮಾದರಿಯಾಗಿ ಮಾಡಿ, ಅದನ್ನು ಒಬ್ಬ ಫಿಟ್ ಮಾಡೆಲಿನ ಮೇಲೆ ಹಾಕಿ ನೋಡಿ, ಉಳಿದ ಸೈಜಿಗೆ ಎದೆಗೆ ಇಷ್ಟು, ಸೊಂಟಕ್ಕೆ ಇಷ್ಟು, ತೋಳಿಗೆ ಇಷ್ಟು ಅಂತ ನಿಗದಿಯಾದ ಇಂಚು ಕೂಡಿಸುತ್ತಾ ಹೋಗ್ತಾರೆ. ಮಾದರಿ ಸೈಜಿನ ಅಕ್ಕಪಕ್ಕ ಇದು ಚೆನ್ನಾಗಿ ನಡೆಯುತ್ತದೆ. ದೂರ ಹೋದಂತೆ ಸಣ್ಣ ತಪ್ಪು ಕೂಡುತ್ತಾ ಕೂಡುತ್ತಾ ದೊಡ್ಡದಾಗುತ್ತದೆ.

ಎಲ್ಲಿ ತಪ್ಪಿದೆ ಅನ್ನೋದಕ್ಕೆ ಗಿರಾಕಿ ಬರೆದ ಎರಡು ಮಾತು ಓದಬೇಕು. ಪಟ್ಟಿಯಿಂದ ಕಾರಣ ಆರಿಸಿದ ಮೇಲೆ ಕೆಳಗೊಂದು ಖಾಲಿ ಜಾಗ ಇರುತ್ತದೆ, ಕೆಲವರು ಅಲ್ಲಿ ಬರೀತಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಹಿಂದಿ, ಅರ್ಧಂಬರ್ಧ ಕಾಗುಣಿತ, ಎಲ್ಲ ಕಲಸುಮೇಲೋಗರ. ಯಂತ್ರಕ್ಕೆ ಒಪ್ಪಿಸುವ ಮೊದಲು ಮನುಷ್ಯರು ಒಂದು ನೂರಾದರೂ ಕೂತು ಓದೋದು ಒಳ್ಳೆಯದು, ಇದರಲ್ಲಿ ನಾಚಿಕೆ ಏನಿಲ್ಲ. ನಮ್ಮ ಕುರ್ತಿಯ ದೊಡ್ಡ ಸೈಜುಗಳಲ್ಲಿ ಪದೇ ಪದೇ ಬಂದದ್ದು ಎದೆಯ ಮಾತಲ್ಲ, ತೋಳಿನದ್ದು ಅಂತಿಟ್ಟುಕೊಳ್ಳಿ. ಕೈ ಎತ್ತೋಕಾಗಲ್ಲ, ರಟ್ಟೆ ಹತ್ರ ಬಿಗಿ, ಕಂಕುಳಲ್ಲಿ ಹಿಡಿಯುತ್ತೆ.

ಈಗ ಟೇಪು ತೆಗೆಯುವ ಹೊತ್ತು. ಕಂಪ್ಯೂಟರ್ ಮುಂದೆ ಕೂತವರು ಹೆಚ್ಚಾಗಿ ಬಿಟ್ಟುಬಿಡುವ ಹೆಜ್ಜೆ ಇದೇ. ವಾಪಸ್ ಬಂದವುಗಳಲ್ಲಿ ಐದು, ಗೋದಾಮಿನಲ್ಲಿ ಇನ್ನೂ ಪೊಟ್ಟಣ ಬಿಚ್ಚದವುಗಳಲ್ಲಿ ಐದು, ಪ್ರತಿ ಸೈಜಿಗೂ ಹೀಗೆ ತೆಗೆದು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿ ಅಳೆಯಬೇಕು. ಎದೆ ಅಳೆಯೋದು ಕಂಕುಳಿನಿಂದ ಒಂದು ಇಂಚು ಕೆಳಗೆ, ಈ ಬದಿಯಿಂದ ಆ ಬದಿಗೆ. ರಟ್ಟೆ ಅಳೆಯೋದು ಕಂಕುಳಿನ ಹತ್ತಿರ ತೋಳಿಗೆ ಅಡ್ಡಲಾಗಿ. ಎರಡರಷ್ಟು ಮಾಡಿದರೆ ಸುತ್ತಳತೆ. ಬಂದ ಅಳತೆಯನ್ನು ಕಾರ್ಖಾನೆಗೆ ಕೊಟ್ಟ ಅಳತೆ ಪಟ್ಟಿಯ ಜೊತೆ ಹೋಲಿಸಬೇಕು.

ನಮ್ಮ ಉದಾಹರಣೆಯಲ್ಲಿ ಎದೆ ಎಲ್ಲ ಸೈಜಿನಲ್ಲೂ ಪಟ್ಟಿಯಂತೆಯೇ ಇದೆ. ರಟ್ಟೆಯೂ ಪಟ್ಟಿಯಂತೆಯೇ ಇದೆ! ಅಂದರೆ ಹೊಲಿದವರ ತಪ್ಪು ಏನೂ ಇಲ್ಲ. ಪಟ್ಟಿಯೇ ತಪ್ಪು. ಎದೆ ಸೈಜಿಗೆ ಎರಡು ಇಂಚಿನಂತೆ ಏರಿದೆ, ಆದರೆ ರಟ್ಟೆ ಎಲ್‌ನಲ್ಲಿ ಹದಿಮೂರೂವರೆ, ಆಮೇಲೆ ಪ್ರತಿ ಸೈಜಿಗೂ ಬರೇ ಅರ್ಧ ಇಂಚು ಏರಿ ತ್ರಿಬಲ್ ಎಕ್ಸೆಲ್‌ನಲ್ಲಿ ಹದಿನೈದಕ್ಕೆ ನಿಂತಿದೆ. ಎಳೆತ ಇಲ್ಲದ ಬಟ್ಟೆಯಲ್ಲಿ ಆ ಮೈಕಟ್ಟಿನ ಹೆಂಗಸಿನ ರಟ್ಟೆಗೆ ಅದು ಸಾಲದು, ತೋಳು ಸುತ್ತಲೂ ಒಂದೆರಡು ಇಂಚು ಸಡಿಲ ಬೇಕೇ ಬೇಕು. ಎಕ್ಸೆಲ್‌ನಿಂದ ಮುಂದೆ ರಟ್ಟೆಯನ್ನು ಸೈಜಿಗೆ ಒಂದು ಇಂಚಿನಂತೆ ಏರಿಸಿ, ಅದಕ್ಕೆ ತಕ್ಕಂತೆ ಕಂಕುಳಿನ ಆಳವನ್ನೂ ಇಳಿಸಿದರೆ ಸಮಸ್ಯೆ ಮುಗಿಯುತ್ತದೆ. ಗಿರಾಕಿ ನೋಡುವ ಸೈಜ್ ಚಾರ್ಟಿನಲ್ಲಿ ಎದೆ ಮತ್ತು ಸೊಂಟ ಮಾತ್ರ ಇತ್ತು, ರಟ್ಟೆ ಇರಲೇ ಇಲ್ಲ. ಪಾಪ, ಆಕೆ ಟೇಪು ಹಿಡಿದು ಅಳೆದು ಸರಿಯಾಗಿಯೇ ಆರಿಸಿದ್ದಳು. ಅವಳ ಖಾತೆಯಲ್ಲಿ ಮಾತ್ರ ‘ಸೈಜ್ ಸಮಸ್ಯೆಯಿಂದ ವಾಪಸ್’.

ಎಲ್ಲ ಸಲ ಪಟ್ಟಿಯೇ ತಪ್ಪಿರೋದಿಲ್ಲ. ಅಳೆದ ಪೀಸು ಪಟ್ಟಿಗಿಂತ ಕಡಿಮೆ ಬಂದರೆ ತಪ್ಪು ಕಟಿಂಗ್ ಟೇಬಲ್ಲಿನಲ್ಲಿರಬಹುದು. ಟೀ ಶರ್ಟಿನಂಥ ಹೆಣೆದ ಬಟ್ಟೆಯನ್ನು ರೋಲಿನಿಂದ ಬಿಚ್ಚಿ ಎಳೆದು ಹಾಸಿ, ಅದು ಸಡಿಲಗೊಳ್ಳುವ ಮೊದಲೇ ಕತ್ತರಿಸಿದರೆ ಕತ್ತರಿಸಿದ ತುಂಡು ಆಮೇಲೆ ಕುಗ್ಗುತ್ತದೆ. ಸರಿಯಾದ ಕಾರ್ಖಾನೆಗಳಲ್ಲಿ ಬಟ್ಟೆ ಬಿಚ್ಚಿ ಹಲವು ಗಂಟೆ, ಲೈಕ್ರಾ ಇದ್ದರೆ ಒಂದು ದಿನ, ಸುಮ್ಮನೆ ಬಿಟ್ಟಿರ್ತಾರೆ. ಆರ್ಡರ್ ಅವಸರದ್ದಾದರೆ ಮೊದಲು ಹಾರಿಹೋಗೋದು ಈ ಬಿಡುವು. ಇಂಥದ್ದನ್ನು ಪತ್ತೆ ಮಾಡುವ ಗುರುತು ಬೇರೆ: ದೂರು ಎಲ್ಲ ಸೈಜಿನಲ್ಲೂ ಒಟ್ಟಿಗೆ ಏರುತ್ತದೆ, ಆದರೆ ಒಂದು ಲಾಟಿನದ್ದು ಮಾತ್ರ. ಇನ್ನು ಒಂದೇ ಸೈಜಿನಲ್ಲಿ ‘ಚಿಕ್ಕದು’ ಮತ್ತು ‘ದೊಡ್ಡದು’ ಎರಡೂ ಒಟ್ಟಿಗೆ ಏರಿದರೆ? ಎರಡು ಕಡೆ ಹೊಲಿಸಿದ ಮಾಲು ಒಂದೇ ಹೆಸರಿನಲ್ಲಿ ಹೋಗುತ್ತಿರಬಹುದು, ಅಥವಾ ಎತ್ತರಕ್ಕೆ ಪೇರಿಸಿದ ಬಟ್ಟೆಯನ್ನು ಕತ್ತರಿಸುವಾಗ ಬ್ಲೇಡ್ ವಾಲಿ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಅಳತೆ ವ್ಯತ್ಯಾಸ ಬಂದಿರಬಹುದು. ಸರಾಸರಿ ತೆಗೆದರೆ ಎಲ್ಲ ಸರಿ ಕಾಣುತ್ತದೆ, ಪೀಸು ಪೀಸು ಅಳೆದರೆ ಮಾತ್ರ ಗೊತ್ತಾಗುತ್ತದೆ.

ಇದಕ್ಕೆಲ್ಲ ಲಾಟಿನ ನಂಬರ್ ಗೊತ್ತಿರಬೇಕು. ಸಣ್ಣ ಮಾರಾಟಗಾರರಲ್ಲಿ ಎಡವೋದು ಇಲ್ಲೇ. ಹಳೇ ಮಾಲು ಹೊಸ ಮಾಲು ಒಂದೇ ಡಬ್ಬದಲ್ಲಿ ಸೇರಿಬಿಟ್ಟರೆ ಯಾವ ಕಂಪ್ಯೂಟರ್ ತಂದರೂ ಬಿಡಿಸೋಕಾಗಲ್ಲ. ಬಾರ್‌ಕೋಡ್ ಸ್ಟಿಕ್ಕರಿನಲ್ಲಿ ಲಾಟಿಗೊಂದು ಗುರುತು ಸೇರಿಸೋದು ದುಬಾರಿ ಕೆಲಸ ಅಲ್ಲ, ಮೊದಲೇ ಯೋಚಿಸಿರಬೇಕು ಅಷ್ಟೇ.

ಇನ್ನೊಂದು ಅಪಾಯ ಸಣ್ಣ ಸಂಖ್ಯೆಯದ್ದು. ಹತ್ತು ಪೀಸು ಮಾರಿ ಮೂರು ‘ಚಿಕ್ಕದು’ ಅಂತ ಬಂದರೆ ನೂರಕ್ಕೆ ಮೂವತ್ತಾಯ್ತು ಅಂತ ಗಾಬರಿ ಆಗುತ್ತದೆ. ಅದು ಕಾಕತಾಳೀಯವೂ ಇರಬಹುದು. ಇಂಜಿನಿಯರಿಂಗ್ ಓದುವಾಗ ಬೇಸರದಿಂದ ಕಲಿತ ಒಂದು ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಸೈಜಿನ ಲೆಕ್ಕಕ್ಕೂ ರೂಢಿಯಂತೆ ನಡೆದುಕೊಳ್ಳುವ ನೂರು ಕಾಲ್ಪನಿಕ ಮಾರಾಟ ಸೇರಿಸಿ. ರೂಢಿ ನೂರಕ್ಕೆ 7 ಅಂದಮೇಲೆ 100 ಮಾರಾಟ, 7 ವಾಪಸ್ ಸೇರಿತು. ಹತ್ತಕ್ಕೆ ಮೂರು ಬಂದದ್ದು ಈಗ 110ಕ್ಕೆ 10, ಅಂದರೆ ನೂರಕ್ಕೆ 9. ಗಾಬರಿ ಇಳಿಯಿತು. ನಮ್ಮ ತ್ರಿಬಲ್ ಎಕ್ಸೆಲ್‌ಗೆ ಇದನ್ನೇ ಮಾಡಿದರೆ 180ಕ್ಕೆ 32, ನೂರಕ್ಕೆ 18ರ ಹತ್ತಿರ. ರೂಢಿಗೆ ಎಷ್ಟೇ ಎಳೆದರೂ ಅದು ಎದ್ದು ನಿಲ್ಲುತ್ತದೆ, ಹಾಗಾದರೆ ವಿಷಯ ನಿಜ. ನೂರೇ ಯಾಕೆ, ಐವತ್ತು ಯಾಕಲ್ಲ ಅಂದರೆ ಅದು ಅಂಗಡಿಯವರ ಎಚ್ಚರಿಕೆಗೆ ಬಿಟ್ಟದ್ದು. ಹೆಚ್ಚು ಸೇರಿಸಿದರೆ ಸುಳ್ಳು ಗಾಬರಿ ಕಡಿಮೆ, ಆದರೆ ನಿಜದ ತಪ್ಪು ಗೊತ್ತಾಗೋದು ತಡ.

ಜರ್ಮನಿಯ ಜಲಾಂಡೋ ಕಂಪನಿಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ‘ಸೈಜ್‌ಫ್ಲ್ಯಾಗ್ಸ್’ ಎಂಬ ಪದ್ಧತಿಯ ಬೇರು ಇದೇ ಜಾತಿಯ ಲೆಕ್ಕದಲ್ಲಿದೆ, ಅವರದ್ದು ಬಹಳ ಮುಂದುವರಿದದ್ದು ಅಷ್ಟೇ. ಗಿರಾಕಿಗಳ ವಾಪಸ್ ಕಾರಣ ಸಾಕಷ್ಟು ಸೇರುವ ತನಕ ಹೊಸ ಉಡುಪಿನ ಬಗ್ಗೆ ಏನು ನಂಬೋದು? ಬಟ್ಟೆ ಹಾಕಿ ನೋಡಿದ ಪರಿಣತರ ಅಭಿಪ್ರಾಯ ಮತ್ತು ಉಡುಪಿನ ಚಿತ್ರದಿಂದ ಸಿಗುವ ಸುಳಿವನ್ನು ಅವರು ಆರಂಭದ ನಂಬಿಕೆಯಾಗಿ ಇಟ್ಟುಕೊಂಡರು. ವಾಪಸಾತಿ ಬಂದಂತೆಲ್ಲ ಅದನ್ನು ತಿದ್ದುತ್ತಾ ಹೋದರು. ಅದಕ್ಕೂ ಮೊದಲು, 2017ರಲ್ಲಿ, ಅಮೆಜಾನ್ ಸಂಶೋಧಕರು ಇನ್ನೊಂದು ದಿಕ್ಕಿನಿಂದ ಹೋಗಿದ್ದರು. ಚೀಟಿಯಲ್ಲಿ ಬರೆದ ಸೈಜ್ ಏನೇ ಇರಲಿ, ಪ್ರತಿ ವಸ್ತುವಿಗೂ ಪ್ರತಿ ಗಿರಾಕಿಗೂ ಒಂದು ‘ನಿಜ ಅಳತೆ’ ಇದೆ, ಇಟ್ಟುಕೊಂಡದ್ದು, ಚಿಕ್ಕದೆಂದು ಕಳಿಸಿದ್ದು, ದೊಡ್ಡದೆಂದು ಕಳಿಸಿದ್ದು ಈ ಮೂರರಿಂದ ಅದನ್ನು ಊಹಿಸಬಹುದು ಅಂತ. ಎರಡೂ ಚೆನ್ನಾದ ಕೆಲಸಗಳೇ. ಆದರೆ ಎರಡೂ ಗಿರಾಕಿ ನಿಜ ಹೇಳುತ್ತಾನೆ ಅನ್ನುವ ನೆಲದ ಮೇಲೆ ನಿಂತಿವೆ.

ಗಿರಾಕಿ ಯಾವಾಗಲೂ ನಿಜ ಹೇಳೋದಿಲ್ಲ, ಮತ್ತು ಅದಕ್ಕೆ ಅವನನ್ನು ದೂರುವ ಹಾಗೂ ಇಲ್ಲ. ಪಟ್ಟಿಯಲ್ಲಿ ಮೇಲಿರುವ ಕಾರಣವನ್ನು ಒತ್ತೋದು ಒಂದು ಸೋಮಾರಿತನ, ಅದನ್ನು ಪಟ್ಟಿಯ ಕ್ರಮ ಬದಲಾಯಿಸುತ್ತಾ ಇದ್ದರೆ ಸರಿದೂಗಿಸಬಹುದು. ದೊಡ್ಡ ತೊಂದರೆ ಶುಲ್ಕ ಮತ್ತು ಷರತ್ತಿನದ್ದು. ದೋಷ ಇದ್ದರೆ ಮಾತ್ರ ವಾಪಸ್ ಅಂತ ನಿಯಮ ಮಾಡಿದ ದಿನದಿಂದ ಬಿಗಿಯಾದ ಕುರ್ತಿಯೂ ‘ದೋಷ’ ಆಗುತ್ತದೆ. ಸೈಜ್ ಬದಲಾವಣೆಗೆ ಮಾತ್ರ ಶುಲ್ಕ ಇಲ್ಲ ಅಂದರೆ ಬಣ್ಣ ಹಿಡಿಸದ ಕುರ್ತಿಯೂ ‘ಚಿಕ್ಕದು’ ಆಗುತ್ತದೆ. ಗಿರಾಕಿಗೆ ದಂಡ ಹಾಕಿದ ಕಂಪನಿ ತನ್ನ ಕಡತದ ಸಾಕ್ಷ್ಯವನ್ನು ತಾನೇ ಕೆಡಿಸಿಕೊಳ್ಳುತ್ತದೆ. ಆ ನಿಯಮ ಬಂದ ತಾರೀಕಿನ ಹಿಂದಿನ ಅಂಕಿಯನ್ನೂ ಮುಂದಿನ ಅಂಕಿಯನ್ನೂ ಒಂದೇ ಗ್ರಾಫಿನಲ್ಲಿ ಎಳೆದು ‘ಗುಣಮಟ್ಟ ಕುಸಿದಿದೆ’ ಅಂತ ಕಾರ್ಖಾನೆಯವನ ಬಿಲ್ಲಿನಲ್ಲಿ ದುಡ್ಡು ಮುರಿದರೆ ಅದು ಶುದ್ಧ ಅನ್ಯಾಯ.

ಮಾತಿಗಿಂತ ಕೃತಿ ನೋಡೋದು ಇಲ್ಲಿ ದಾರಿ. ಎಲ್ ವಾಪಸ್ ಕೊಟ್ಟು ಎಕ್ಸೆಲ್ ಬದಲಿ ತಗೊಂಡು ಅದನ್ನು ಇಟ್ಟುಕೊಂಡಳು ಅಂದರೆ ‘ಚಿಕ್ಕದು’ ಅನ್ನೋದು ನಿಜ. ಒಂದೇ ಆರ್ಡರಿನಲ್ಲಿ ಎಂ ಮತ್ತು ಎಲ್ ಎರಡನ್ನೂ ತರಿಸಿ ಎಂ ಹಿಂದೆ ಕಳಿಸಿದ್ದರೆ, ಅದು ಮೊದಲೇ ನಿರ್ಧರಿಸಿದ ವಾಪಸಾತಿ, ದೂರಿನ ಲೆಕ್ಕಕ್ಕೆ ಸೇರಬಾರದು. ಆದರೆ ಎರಡರಲ್ಲಿ ಯಾವುದನ್ನು ಇಟ್ಟುಕೊಂಡಳು ಅನ್ನೋದು ಅಮೂಲ್ಯ ಮಾಹಿತಿ, ಅದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು.

ಗುಣಮಟ್ಟದ ದೂರಿಗೂ ಇದೇ ಮಾತು. ‘ಗುಣಮಟ್ಟ ಚೆನ್ನಾಗಿಲ್ಲ’ ಅನ್ನೋದು ಏನನ್ನೂ ಹೇಳದ ವಾಕ್ಯ. ಬಟ್ಟೆ ತೆಳುವೋ, ಹೊಲಿಗೆ ಬಿಟ್ಟಿದೆಯೋ, ವಾಸನೆಯೋ? ಇಲ್ಲಿ ಗೋದಾಮಿನಲ್ಲಿ ವಾಪಸ್ ಪೊಟ್ಟಣ ಬಿಚ್ಚುವ ಹುಡುಗ ಅಥವಾ ಹುಡುಗಿ ಏನು ಕಂಡರು ಅನ್ನೋದನ್ನ ಗಿರಾಕಿಯ ಕಾರಣದ ಪಕ್ಕ ಬರೆಯಬೇಕು. ಅವರಿಗೆ ಒಂದು ಪೊಟ್ಟಣಕ್ಕೆ ಸಿಗುವ ಹೊತ್ತು ಸ್ವಲ್ಪ. ‘ಸೈಜ್’ ಅಂತ ಚೀಟಿ ಇದ್ದರೆ ಮಡಚಿ ಮತ್ತೆ ಕಪಾಟಿಗೆ ಹಾಕ್ತಾರೆ. ಹೊಲಿಗೆ ಬಿಟ್ಟ ಕುರ್ತಿಯನ್ನು ಒಬ್ಬಳು ಸಂಕೋಚದಿಂದ ‘ಚಿಕ್ಕದು’ ಅಂತ ಕಳಿಸಿದ್ದರೆ ಅದು ಹೊಸದರಂತೆ ಇನ್ನೊಬ್ಬಳ ಮನೆಗೆ ಹೋಗುತ್ತದೆ, ಅಲ್ಲಿಂದಲೂ ಬರುತ್ತದೆ. ಆದ್ದರಿಂದ ಒಂದೇ ಪೀಸು ಎರಡು ಸಲ, ಎರಡು ಬೇರೆ ಕಾರಣಕ್ಕೆ ಮರಳಿದರೆ ಅದನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಇನ್ನು ಒಗೆದ ಮೇಲೆ ಕುಗ್ಗುವುದು, ಬಣ್ಣ ಬಿಡುವುದು ವಾಪಸ್ ಕಡತದಲ್ಲಿ ಬಹುತೇಕ ಕಾಣೋದೇ ಇಲ್ಲ. ಒಗೆದ ಬಟ್ಟೆಯನ್ನು ಯಾರೂ ವಾಪಸ್ ತಗೊಳ್ಳೋದಿಲ್ಲವಲ್ಲ. ಅದನ್ನು ತಡವಾಗಿ ಬರುವ ವಿಮರ್ಶೆಗಳಲ್ಲಿ, ಕಸ್ಟಮರ್ ಕೇರ್ ಕರೆಗಳಲ್ಲಿ ಹುಡುಕಬೇಕು.

ಒಂದು ದೂರು ಒಂದು ಲಾಟಿಗೆ ಅಂಟದೆ ಒಂದು ಪಿನ್‌ಕೋಡ್ ಗುಂಪಿಗೆ ಅಂಟಿಕೊಂಡರೆ ಬಟ್ಟೆಯನ್ನು ಬಿಟ್ಟು ಕೊರಿಯರ್ ಕಡೆ ನೋಡಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ‘ಒದ್ದೆ’, ‘ಮುಗ್ಗಲು ವಾಸನೆ’, ‘ಕಲೆ’ ಅನ್ನುವ ದೂರು ಘಟ್ಟದ ಮೇಲಿಗಿಂತ ಹೆಚ್ಚು ಬಂದರೆ ತಿರುಪ್ಪೂರಿನ ಕಾರ್ಖಾನೆಯವನ ಕಿವಿ ಹಿಂಡಿ ಏನು ಪ್ರಯೋಜನ? ಬಾಯಿ ಸರಿಯಾಗಿ ಅಂಟದ ಪ್ಲಾಸ್ಟಿಕ್ ಚೀಲ ಬದಲಾಯಿಸಿದರೆ ಸಾಕಾಗಬಹುದು.

ತಪ್ಪು ಸಿಕ್ಕಿ ತಿದ್ದಿದ ಮೇಲೂ ಒಂದು ಬಲೆ ಇದೆ. ನಮ್ಮ ಕುರ್ತಿಯ ಹಳೇ ಲಾಟು ಮುಗಿಯುವ ತನಕ ಎಕ್ಸೆಲ್ ಮತ್ತು ಮೇಲಿನವರಿಗೆ ‘ತೋಳು ಬಿಗಿ, ಒಂದು ಸೈಜ್ ದೊಡ್ಡದು ನೋಡಿ’ ಅಂತ ಸೂಚನೆ ಹಾಕಿದರು ಅಂತಿಟ್ಟುಕೊಳ್ಳಿ. ತಿದ್ದಿದ ಹೊಸ ಲಾಟು ಬಂತು, ಸೂಚನೆ ತೆಗೆಯೋಕೆ ಮರೆತರು. ಈಗ ‘ದೊಡ್ಡದಾಯ್ತು’ ಅಂತ ಮಹಾಪೂರ. ಯಾರೋ ಅದನ್ನು ನೋಡಿ ಹೊಸ ಪ್ಯಾಟರ್ನ್ ತಪ್ಪು ಅಂತ ಮತ್ತೆ ಹಳೆಯದಕ್ಕೆ ಹೋದರೆ ಕಥೆ ಮೊದಲಿನಿಂದ. ಸೂಚನೆಗೆ ಲಾಟಿನ ನಂಬರ್ ಕಟ್ಟಿರಬೇಕು, ತಿದ್ದುಪಡಿಯ ಫಲಿತಾಂಶವನ್ನು ಹೊಸ ಲಾಟಿನ ಮಾರಾಟದ ಮೇಲೆ ಮಾತ್ರ ನೋಡಬೇಕು. ಹಳೇ ಗಿರಾಕಿಗಳು ಬರೆದ ‘ಚಿಕ್ಕದಾಗಿದೆ’ ಎಂಬ ವಿಮರ್ಶೆಗಳು ಪುಟದಲ್ಲಿ ಉಳಿದಿದ್ದರೆ ಅವುಗಳೂ ಇದೇ ಕೆಲಸ ಮಾಡ್ತವೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಈ ಕಡತದಲ್ಲಿ ಇಲ್ಲದೇ ಇರುವವರ ಪ್ರಶ್ನೆ ಉಳಿಯುತ್ತದೆ. ಕುಮಟೆ ಪೇಟೆಯಲ್ಲಿ ಇರುವವರಿಗೆ ಡೆಲಿವರಿ ಹುಡುಗ ಮನೆಗೆ ಬಂದು ವಾಪಸ್ ಒಯ್ಯುತ್ತಾನೆ. ಹೊಳನಗದ್ದೆಯಂಥ ಊರುಗಳ ವಿಚಾರಕ್ಕೆ ಬಂದರೆ ತಾಣದಿಂದ ತಾಣಕ್ಕೆ, ಕೇರಿಯಿಂದ ಕೇರಿಗೆ ವ್ಯವಸ್ಥೆ ಬೇರೆ. ಎಷ್ಟೋ ತಾಣಗಳು ದೂರದ ಪಿನ್‌ಕೋಡ್‌ಗಳಿಗೆ ಮನೆಗೆ ಬಂದು ಒಯ್ಯುವ ಸೌಲಭ್ಯ ಕೊಡೋದಿಲ್ಲ, ನೀವೇ ಕಟ್ಟಿ ಪೋಸ್ಟ್ ಮಾಡಿ, ಖರ್ಚು ಆಮೇಲೆ ಕೊಡ್ತೀವಿ ಅಂತಾವೆ. ನಾಲ್ಕುನೂರು ರೂಪಾಯಿಯ ಕುರ್ತಿಗೆ ಅರ್ಧ ದಿನದ ಕೆಲಸ ಬಿಟ್ಟು ಪೋಸ್ಟ್ ಆಫೀಸಿಗೆ ಯಾರು ಹೋಗ್ತಾರೆ? ಬಿಗಿಯಾದ ಕುರ್ತಿ ತಂಗಿಗೋ ಮಗಳಿಗೋ ಹೋಗುತ್ತದೆ. ಬೆಂಗಳೂರಿನ ಪರದೆಯ ಮೇಲೆ ಆ ಪಿನ್‌ಕೋಡಿನ ವಾಪಸಾತಿ ಪ್ರಮಾಣ ಕಡಿಮೆ ಕಾಣುತ್ತದೆ, ಅದನ್ನು ‘ತೃಪ್ತ ಗಿರಾಕಿಗಳು’ ಅಂತ ಓದಲಾಗುತ್ತದೆ. ಮುಂದಿನ ಸಲ ಅಳತೆ ಪಟ್ಟಿ ತಿದ್ದುವಾಗ ವಾಪಸ್ ಮಾಡಲು ಅನುಕೂಲ ಇದ್ದ ನಗರದ ಮೈಗಳ ದೂರು ಮಾತ್ರ ಎಣಿಕೆಗೆ ಬರುತ್ತದೆ. ಗದ್ದೆ, ದೋಣಿ, ಮೀನು ಬುಟ್ಟಿಯ ಕೆಲಸದಲ್ಲಿ ಭುಜ ರಟ್ಟೆ ಗಟ್ಟಿಯಾದ ಹೆಂಗಸರ ಅಳತೆ ಅದರಲ್ಲಿ ಇಲ್ಲ.

ಭಾರತೀಯರ ಮೈ ಅಳತೆಗೆ ನಮ್ಮದೇ ಒಂದು ಪಟ್ಟಿ ಬೇಕು ಅಂತ ಜವಳಿ ಸಚಿವಾಲಯ ಮತ್ತು ನಿಫ್ಟ್ ಸೇರಿ ‘ಇಂಡಿಯಾಸೈಜ್’ ಯೋಜನೆ ಹಾಕಿಕೊಂಡಿವೆ. 15ರಿಂದ 65 ವಯಸ್ಸಿನ 25,000 ಜನರನ್ನು ಆರು ನಗರಗಳಲ್ಲಿ ತ್ರೀಡಿ ಸ್ಕ್ಯಾನರಿನಿಂದ ಅಳೆಯುವ ಯೋಜನೆ. ಬೇಕಾದ ಕೆಲಸವೇ, ಇಷ್ಟು ವರ್ಷ ಬ್ರಿಟನ್ ಅಮೆರಿಕದ ಪಟ್ಟಿಯನ್ನೇ ತಿದ್ದಿ ಬಳಸಿದ್ದು ಸಾಕು. ಆದರೆ ಅಲ್ಲೂ ಸ್ಕ್ಯಾನರ್ ಕೂರೋದು ನಗರಗಳಲ್ಲಿ.

ಆನ್‌ಲೈನ್ ಅಂಗಡಿಗಳಿಗೆ ಇದನ್ನು ಸರಿಮಾಡೋಕೆ ಸ್ಕ್ಯಾನರ್ ಬೇಕಿಲ್ಲ. ವಾಪಸ್ ಸೌಲಭ್ಯ ಇಲ್ಲದ ಪಿನ್‌ಕೋಡ್‌ಗಳ ಅಂಕಿಯನ್ನು ಮೊದಲು ಒಟ್ಟು ಲೆಕ್ಕದಿಂದ ಬೇರೆ ತೆಗೆಯಲಿ. ಆ ಊರುಗಳಲ್ಲಿ ಕುರ್ತಿ ಇಟ್ಟುಕೊಂಡ ಇನ್ನೂರು ಮುನ್ನೂರು ಜನರಿಗೆ ಫೋನ್ ಮಾಡಿ, ಕನ್ನಡದಲ್ಲಿ, ಮೂರು ಪ್ರಶ್ನೆ ಕೇಳಲಿ: ಹಾಕ್ಕೊಂಡ್ರಾ, ಎಲ್ಲಿ ಬಿಗಿ ಅಥವಾ ಸಡಿಲ ಆಯ್ತು, ಟೈಲರ್ ಹತ್ರ ಕೊಟ್ರಾ? ಮೂರನೇ ಪ್ರಶ್ನೆಗೆ ಹೌದು ಅಂದವರು ಏನು ಮಾಡಿಸಿದರು ಅಂತಲೂ ಬರೆದುಕೊಳ್ಳಲಿ. ಆ ಉತ್ತರ ಸಿಗುವ ಇನ್ನೊಂದು ಜಾಗವೂ ಇದೆ. ಕುಮಟೆಯ ಯಾವುದೇ ಟೈಲರ್ ಅಂಗಡಿಗೆ ಒಂದು ವಾರ ಒಬ್ಬರನ್ನು ಕೂರಿಸಿ, ತಿದ್ದಲು ಬರುವ ಆನ್‌ಲೈನ್ ಬಟ್ಟೆಗಳ ಲೇಬಲ್ಲು, ಸೈಜು, ಎಲ್ಲಿ ಎಷ್ಟು ಇಂಚು ಹಿಡಿದರು ಅನ್ನೋದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದರೆ, ಯಾವ ಗೋದಾಮಿಗೂ ಎಂದೂ ಮುಟ್ಟದ ‘ದೊಡ್ಡದಾಯ್ತು’ಗಳ ಲೆಕ್ಕ ಅಲ್ಲಿ ಸಿಗುತ್ತದೆ.